ಬಸುರಿ ಮನೆಯ ಬೆಕ್ಕು

ತರಕಾರಿ ತರುವ ಪ್ಲಾಸ್ಟಿಕ್ ಬುಟ್ಟಿಯ ಮೇಲೆ ಇನ್ನೊಂದು ಬುಟ್ಟಿ ಕವುಚಿ, ಎರಡನ್ನೂ ಸೆಣಬಿನ ದಾರದಿಂದ ಬಿಗಿದು, ಒಳಗೆ ಬೆಕ್ಕನ್ನು ಕೂರಿಸಿಕೊಂಡು ಮೂವರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಗಂಡ, ಹೆಂಡತಿ, ಅತ್ತೆ. ಬೆಕ್ಕಿನ ಹೆಸರು ಪುಟ್ಟಿ. ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದೆ. ಮೂವರೂ ಮಾತಾಡಲಿಲ್ಲ. ಕೊನೆಗೆ ಅತ್ತೆಯೇ ಹೇಳಿದರು: "ಅದಕ್ಕೇನಾಗಿಲ್ಲ ಡಾಕ್ಟ್ರಮ್ಮ. ಇವಳಿಗೆ ಮೂರು ತಿಂಗಳು ತುಂಬ್ತಾ ಬಂತು. ರಕ್ತದ ರಿಪೋರ್ಟ್ ಸರಿ ಬಂದಿಲ್ಲ. ಬೆಕ್ಕಿನಿಂದಲೇ ಅಂದ್ರು. ಎಲ್ಲಾದ್ರೂ ಬಿಡೋಕೆ ಜಾಗ ಇದ್ರೆ ಹೇಳಿ."

ಹುಡುಗಿ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದಳು. 'ಟಾರ್ಚ್' ಪರೀಕ್ಷೆ ಅದು. ಗರ್ಭಕ್ಕೆ ತೊಂದರೆ ಕೊಡಬಲ್ಲ ಕೆಲವು ಸೋಂಕುಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ. ಅದರ ಮೊದಲ ಅಕ್ಷರವೇ ಟಾಕ್ಸೊಪ್ಲಾಸ್ಮಾದ್ದು. ಆ ಸಾಲಿನಲ್ಲಿ ಐಜಿಜಿ ಪಾಸಿಟಿವ್, ಐಜಿಎಂ ಪಾಸಿಟಿವ್ ಎಂದು ದಪ್ಪಕ್ಷರದಲ್ಲಿತ್ತು. ಅವಳಿಗೆ ಹನ್ನೊಂದನೇ ವಾರ.

ಇಂಥ ಬುಟ್ಟಿಗಳು ನನ್ನ ಮೇಜಿನ ಮೇಲೆ ಆಗಾಗ ಬರುತ್ತವೆ. ಬರುವವರ ಭಯ ಸುಳ್ಳಲ್ಲ. ಟಾಕ್ಸೊಪ್ಲಾಸ್ಮಾ ನಿಜವಾಗಿಯೂ ಹೊಟ್ಟೆಯ ಮಗುವಿನ ಮಿದುಳಿಗೆ, ಕಣ್ಣಿಗೆ ಹಾನಿ ಮಾಡಬಲ್ಲ ಜೀವಿ. ಅದು ಬೆಕ್ಕಿನ ಕರುಳಿನಿಂದ ಹೊರಬರುವುದೂ ನಿಜ. ಆದರೆ ಈ ಎರಡು ನಿಜಗಳ ನಡುವೆ ದಿನಗಳ ಒಂದು ಲೆಕ್ಕವಿದೆ. ಆ ಲೆಕ್ಕವನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಹಾಗಾಗಿ ಭಯವೆಲ್ಲ ಬುಟ್ಟಿಯಲ್ಲಿ ಕೂತ ಪ್ರಾಣಿಯ ಮೇಲೆ ಬಂದು ಬೀಳುತ್ತದೆ.

ನಾನು ಮೊದಲು ಕೇಳಿದ್ದು ಪುಟ್ಟಿಯ ಪೂರ್ವಕಥೆ. ಐದು ವರ್ಷದ ಹಿಂದೆ, ಮೂರು ತಿಂಗಳ ಮರಿಯಾಗಿದ್ದಾಗ, ಒಂದು ಅಕ್ಕಿ ಗಿರಣಿಯ ಹಿತ್ತಲಿಂದ ಎತ್ತಿಕೊಂಡು ಬಂದದ್ದು. ತಾಯಿ ಬೆಕ್ಕು ಅಲ್ಲಿ ಇಲಿ ಹಿಡಿದು ಮರಿಗಳಿಗೆ ತಂದು ಹಾಕುತ್ತಿತ್ತು. ಅಲ್ಲಿಂದೀಚೆಗೆ ಪುಟ್ಟಿ ಇರುವುದು ಎರಡನೇ ಮಹಡಿಯ ಮನೆಯಲ್ಲಿ. ಬೇಯಿಸಿದ ಮೀನು, ಅನ್ನ, ಅಂಗಡಿಯ ಒಣ ಆಹಾರ. ಹೊರಗೆ ಹೋಗುವುದಿಲ್ಲ.

ಇಷ್ಟು ಗೊತ್ತಾದರೆ ಬೆಕ್ಕಿನ ಕಡೆಯ ಲೆಕ್ಕ ಮುಕ್ಕಾಲು ಪಾಲು ಮುಗಿದಂತೆ. ಬೆಕ್ಕಿಗೆ ಈ ಸೋಂಕು ಸಾಮಾನ್ಯವಾಗಿ ತಗಲುವುದು ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದಾಗ. ಆ ಪ್ರಾಣಿಗಳ ಮಾಂಸಖಂಡದಲ್ಲಿ, ಮಿದುಳಿನಲ್ಲಿ ಟಾಕ್ಸೊಪ್ಲಾಸ್ಮಾ ಸಣ್ಣ ಸಣ್ಣ ಗಂಟುಗಳಾಗಿ ಮಲಗಿರುತ್ತದೆ. ಬೆಕ್ಕಿನ ಹೊಟ್ಟೆ ಸೇರಿದ ಮೇಲೆ ಗಂಟು ಕರಗಿ, ಜೀವಿ ಸಣ್ಣ ಕರುಳಿನ ಒಳಪದರಕ್ಕೆ ಹೊಕ್ಕು, ಅಲ್ಲಿ ಗಂಡು ಹೆಣ್ಣು ರೂಪ ತಾಳಿ ಕೂಡುತ್ತದೆ. ಅದರ ಫಲವೇ ಊಸಿಸ್ಟ್. ಗಟ್ಟಿ ಚಿಪ್ಪಿನ ತತ್ತಿ ಎಂದುಕೊಳ್ಳಿ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲಿನಷ್ಟು ಗಾತ್ರ. ಇಲಿ ತಿಂದ ಮೂರರಿಂದ ಹತ್ತು ದಿನದೊಳಗೆ ಈ ತತ್ತಿಗಳು ಮಲದಲ್ಲಿ ಬೀಳತೊಡಗುತ್ತವೆ. ಒಂದೆರಡು ವಾರ, ಹೆಚ್ಚೆಂದರೆ ಮೂರು ವಾರ, ಕೋಟಿಗಟ್ಟಲೆ ಬೀಳುತ್ತವೆ. ಆಮೇಲೆ ನಿಲ್ಲುತ್ತದೆ. ಬೆಕ್ಕಿನ ಮೈ ಎದುರು ನಿಲ್ಲುವುದನ್ನು ಕಲಿತಿರುತ್ತದೆ. ಮುಂದೆ ಅದು ನೂರು ಇಲಿ ತಿಂದರೂ ಸಾಮಾನ್ಯವಾಗಿ ಮತ್ತೆ ತತ್ತಿ ಹಾಕುವುದಿಲ್ಲ.

ಸಾಮಾನ್ಯವಾಗಿ ಎಂದೆ, ಎಂದೂ ಇಲ್ಲ ಎನ್ನಲಿಲ್ಲ. ಪ್ರಯೋಗಾಲಯದಲ್ಲಿ ಆರು ವರ್ಷದ ನಂತರ ಮತ್ತೆ ಸೋಂಕು ಕೊಟ್ಟಾಗ ಕೆಲವು ಬೆಕ್ಕುಗಳು ಪುನಃ ತತ್ತಿ ಹಾಕಿದ್ದುಂಟು. ಬೆಕ್ಕಿಗೆ ಭಾರೀ ಪ್ರಮಾಣದ ಸ್ಟೆರಾಯ್ಡ್ ಕೊಟ್ಟಾಗಲೂ ಹಾಗಾಗಬಹುದು. ಆದರೆ ಬಹುಪಾಲು ಬೆಕ್ಕುಗಳ ಪಾಲಿಗೆ ಇದು ಬದುಕಿನಲ್ಲಿ ಒಮ್ಮೆ ಬಂದುಹೋಗುವ ಒಂದೆರಡು ವಾರ. ಅದೂ ಹೆಚ್ಚಾಗಿ ಬೇಟೆ ಕಲಿಯುವ ಮರಿ ವಯಸ್ಸಿನಲ್ಲಿ. ಯಾವುದೇ ಒಂದು ದಿನ ಲೋಕದ ಬೆಕ್ಕುಗಳನ್ನೆಲ್ಲ ಒಟ್ಟಿಗೆ ಪರೀಕ್ಷೆ ಮಾಡಿದರೆ ನೂರಕ್ಕೆ ಸುಮಾರು ಒಂದು ಮಾತ್ರ ತತ್ತಿ ಹಾಕುತ್ತಿರುತ್ತದೆ. ಪುಟ್ಟಿಯ ಆ ವಾರಗಳು ಬಂದಿದ್ದರೆ ಗಿರಣಿ ಹಿತ್ತಲಿನ ಕಾಲಕ್ಕೇ, ಅಂದರೆ ಈ ಹುಡುಗಿಯ ಮದುವೆಗೂ ಮುಂಚೆ, ಬಂದು ಹೋಗಿರುವ ಸಾಧ್ಯತೆಯೇ ಹೆಚ್ಚು.

"ಹಾಗಾದ್ರೆ ಬೆಕ್ಕಿಗೊಂದು ಬ್ಲಡ್ ಟೆಸ್ಟ್ ಮಾಡಿಬಿಡಿ ಮೇಡಂ" ಎಂದ ಗಂಡ. ತುಂಬ ಜನ ಇದನ್ನು ಕೇಳುತ್ತಾರೆ. ಆದರೆ ಬೆಕ್ಕಿನ ರಕ್ತಪರೀಕ್ಷೆಯ ಫಲಿತಾಂಶವನ್ನು ಜನ ತಿರುಗುಮುರುಗಾಗಿ ಓದುತ್ತಾರೆ. ಐಜಿಜಿ ಪಾಸಿಟಿವ್ ಬಂದರೆ ಬೆಕ್ಕು ಅಪಾಯಕಾರಿ ಎಂದು ಹೆದರುತ್ತಾರೆ. ನಿಜ ಹೇಳಬೇಕೆಂದರೆ ಆ ಬೆಕ್ಕು ತತ್ತಿ ಹಾಕಿ ಮುಗಿಸಿದ ಬೆಕ್ಕು, ಹೆಚ್ಚು ನಿಶ್ಚಿಂತೆಯದು. ನೆಗೆಟಿವ್ ಬಂದ ಬೆಕ್ಕಿಗೆ ಸೋಂಕು ಇನ್ನೂ ತಗಲಿಲ್ಲ, ಮುಂದೆ ತಗಲಬಹುದು. ಮಲಪರೀಕ್ಷೆಯೂ ಅಷ್ಟೇ. ಆ ಒಂದೆರಡು ವಾರದಲ್ಲೇ ಮಾದರಿ ತೆಗೆದಿದ್ದರೆ ಮಾತ್ರ ತತ್ತಿ ಸಿಕ್ಕೀತು. ಸಿಕ್ಕರೂ ಸೂಕ್ಷ್ಮದರ್ಶಕದಡಿ ಅದನ್ನು ಹ್ಯಾಮಂಡಿಯಾ ಎಂಬ ನಿರುಪದ್ರವಿ ಜೀವಿಯ ತತ್ತಿಯಿಂದ ಬೇರೆ ಮಾಡಿ ಗುರುತಿಸಲಾಗದು. ಹಾಗಾಗಿ ನಾನು ಪುಟ್ಟಿಯ ರಕ್ತ ತೆಗೆಯಲಿಲ್ಲ.

ಇನ್ನೊಂದು ಸಂಗತಿಯಿದೆ. ಮನೆಯವರಿಗೆ ಹೆಚ್ಚು ಧೈರ್ಯ ಕೊಡುವುದು ಇದೇ ಎಂದು ನನ್ನ ಅನುಭವ. ಬೆಕ್ಕಿನ ಮೈಯಿಂದ ಆಗತಾನೆ ಹೊರಬಿದ್ದ ತತ್ತಿ ಯಾರಿಗೂ ಸೋಂಕು ತಗಲಿಸಲಾರದು. ಅದು ಬಲಿಯಬೇಕು. ಗಾಳಿ, ತೇವ, ಬೆಚ್ಚಗಿನ ಹವೆ ಸಿಕ್ಕಿ ಒಂದರಿಂದ ಐದು ದಿನ ಕಳೆದ ಮೇಲೆ ಚಿಪ್ಪಿನೊಳಗೆ ಎರಡು ಚೀಲ, ಒಂದೊಂದು ಚೀಲದಲ್ಲಿ ನಾಲ್ಕು ಜೀವಿಗಳಂತೆ ಎಂಟು ಜೀವಿಗಳು ಸಿದ್ಧವಾಗುತ್ತವೆ. ಆಗ ಅದು ಬಾಯಿಗೆ ಹೋದರೆ ಮಾತ್ರ ಸೋಂಕು. ಬೆಕ್ಕಿನ ಮಲದ ಟ್ರೇಯನ್ನು ದಿನಕ್ಕೊಮ್ಮೆ ತಪ್ಪದೆ ಬಳಿದು ತೆಗೆದರೆ ಕೆಲಸವಾಯಿತು ಎನ್ನುವುದು ಇದಕ್ಕೇ. ತತ್ತಿ ಬಲಿಯುವ ಮೊದಲೇ ಅದು ಮನೆಯಿಂದಾಚೆ ಹೋಗಿರುತ್ತದೆ. ಬೆಕ್ಕು ಮೈ ನೆಕ್ಕಿಕೊಂಡು ಚೊಕ್ಕಟವಾಗಿರುವ ಪ್ರಾಣಿ, ಅದರ ತುಪ್ಪಳದ ಮೇಲೆ ಮಲ ಐದು ದಿನ ಅಂಟಿಕೊಂಡು ಕೂರುವುದಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡರೆ, ತಲೆ ಸವರಿದರೆ ಈ ರೋಗ ಬರುತ್ತದೆ ಎನ್ನಲು ಆಧಾರವಿಲ್ಲ.

ಈ ತತ್ತಿಯನ್ನು ಲೋಕ ಕಂಡುಕೊಂಡ ರೀತಿಯಲ್ಲೇ ಅದರ ಸ್ವಭಾವ ಕಾಣುತ್ತದೆ. ಟಾಕ್ಸೊಪ್ಲಾಸ್ಮಾವನ್ನು 1908ರಲ್ಲೇ ಟ್ಯುನಿಸ್‌ನಲ್ಲಿ ಗುಂಡಿ ಎಂಬ ಇಲಿಯಂಥ ಪ್ರಾಣಿಯ ಮೈಯಲ್ಲಿ ನಿಕೋಲ್ ಮತ್ತು ಮಾನ್ಸೋ ಗುರುತಿಸಿದ್ದರು. ತಾಯಿಯಿಂದ ಮಗುವಿಗೆ ದಾಟುತ್ತದೆ ಎಂಬುದು 1930ರ ದಶಕದ ಕೊನೆಗೆ ಗೊತ್ತಾಯಿತು. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದು ಅರ್ಧ ಶತಮಾನ ದಾಟಿದರೂ ಬಗೆಹರಿಯಲಿಲ್ಲ. 1965ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಹಚಿಸನ್ ಎಂಬ ವಿಜ್ಞಾನಿ ಸೋಂಕಿದ ಬೆಕ್ಕಿನ ಮಲವನ್ನು ನೀರಿನಲ್ಲಿ ಕಲಸಿ ಒಂದು ವರ್ಷ ಹಾಗೇ ಇಟ್ಟು, ಆಮೇಲೆ ಇಲಿಗಳಿಗೆ ಕೊಟ್ಟರು. ಇಲಿಗಳಿಗೆ ಸೋಂಕು ತಗಲಿತು. ಬೆಕ್ಕಿನ ಜಂತುಹುಳದ ಮೊಟ್ಟೆಯೊಳಗೆ ಅಡಗಿ ಬರುತ್ತಿರಬೇಕು ಎಂದು ಅವರು ಮೊದಲು ಊಹಿಸಿದ್ದರು. ಊಹೆ ತಪ್ಪಾಗಿತ್ತು. 1970ರ ಹೊತ್ತಿಗೆ ಹಚಿಸನ್ ಅವರೂ ಅಮೆರಿಕದಲ್ಲಿ ಫ್ರೆಂಕೆಲ್, ದುಬೆ ಮತ್ತಿತರರೂ ಜಂತುಹುಳದ ಹಂಗಿಲ್ಲದ ಸ್ವತಂತ್ರ ತತ್ತಿಯನ್ನು ತೋರಿಸಿಕೊಟ್ಟರು. ಪೆಸಿಫಿಕ್ ಸಾಗರದಲ್ಲಿ ಬೆಕ್ಕುಗಳೇ ಇಲ್ಲದ ಪುಟ್ಟ ದ್ವೀಪಗಳ ಜನರಲ್ಲಿ ಈ ಸೋಂಕು ಹೆಚ್ಚುಕಡಿಮೆ ಇರಲಿಲ್ಲ ಎಂಬುದೂ ಅದೇ ಕಾಲಕ್ಕೆ ತಿಳಿಯಿತು.

ಬೆಕ್ಕಿನ ಜಾತಿಯೇ ಯಾಕೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು 2019ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ. ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಂಶವನ್ನು ಮಾರ್ಪಡಿಸಿ ಬಳಸುವ ಒಂದು ಕಿಣ್ವ ಬೆಕ್ಕಿನ ಕರುಳಿನಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಆ ಆಮ್ಲ ಅಲ್ಲಿ ಹೇರಳ. ಟಾಕ್ಸೊಪ್ಲಾಸ್ಮಾ ಗಂಡು ಹೆಣ್ಣಾಗಿ ಬೆಳೆಯಲು ಅದೇ ಬೇಕು. ಇಲಿಗಳಲ್ಲಿ ಆ ಕಿಣ್ವವನ್ನು ಔಷಧದಿಂದ ತಡೆದು, ಲಿನೋಲಿಕ್ ಆಮ್ಲ ತಿನ್ನಿಸಿದಾಗ ಅವೂ ಊಸಿಸ್ಟ್ ಹಾಕಿದವು.

ಹಚಿಸನ್ ಅವರ ಒಂದು ವರ್ಷದ ನೀರಿನ ವಿಷಯವನ್ನು ಮನಸ್ಸಿನಲ್ಲಿಡಿ. ಬಲಿತ ತತ್ತಿ ತಂಪು, ತೇವದ ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಬದುಕುತ್ತದೆ. ಫಿನೈಲ್, ಬ್ಲೀಚಿಂಗ್ ಪೌಡರ್ ಅದಕ್ಕೆ ಲೆಕ್ಕವಿಲ್ಲ. ಕುದಿಯುವ ನೀರಿಗೆ ಸಾಯುತ್ತದೆ. ಅಂದರೆ ಎಂದೋ ಯಾವುದೋ ಬೀದಿ ಬೆಕ್ಕು ಎರಡು ವಾರ ಹಾಕಿ ಹೋದದ್ದು ಆ ಬೆಕ್ಕು ಸತ್ತ ಮೇಲೂ ಹಿತ್ತಲಲ್ಲಿ, ಕೈತೋಟದಲ್ಲಿ, ಮಕ್ಕಳಾಡುವ ಮರಳಿನಲ್ಲಿ ಉಳಿದಿರುತ್ತದೆ. ಸೊಪ್ಪಿನ ಬುಡಕ್ಕೆ ಅಂಟಿ ಬರುತ್ತದೆ, ಮಳೆನೀರಲ್ಲಿ ಹರಿದು ಕೆರೆ ಸೇರುತ್ತದೆ. ಅಪಾಯ ಹೆಚ್ಚಾಗಿ ಇರುವುದು ಈ ಹಳೆಯ, ಯಾರ ಕಣ್ಣಿಗೂ ಬೀಳದ ತತ್ತಿಯಲ್ಲಿ. ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ 2004-05ರಲ್ಲಿ ಕಣ್ಣಿನ ಆಸ್ಪತ್ರೆಗೆ ಸುಮಾರು 250 ಜನ ಟಾಕ್ಸೊಪ್ಲಾಸ್ಮಾದಿಂದ ಅಕ್ಷಿಪಟಲ ಊದಿಕೊಂಡು ಬಂದರು. ವೈದ್ಯರ ಶಂಕೆ ನಗರದ ಕುಡಿಯುವ ನೀರಿನ ಸರಬರಾಜಿನ ಮೇಲೆ ಹೋಯಿತು.

ಹೆರಿಗೆಯ ಕಡೆಯಿಂದ ಬಂದ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ಯುರೋಪಿನ ಆರು ನಗರಗಳಲ್ಲಿ, ಬಸಿರಿನಲ್ಲಿ ಸೋಂಕು ತಗಲಿದ 252 ಹೆಂಗಸರನ್ನೂ ತಗಲದ 858 ಹೆಂಗಸರನ್ನೂ ಹೋಲಿಸಿ 2000ದಲ್ಲಿ ಒಂದು ವರದಿ ಬಂತು. ಊರಿಂದೂರಿಗೆ ವ್ಯತ್ಯಾಸವಿದ್ದರೂ 30ರಿಂದ 63 ಶೇಕಡ ಸೋಂಕಿಗೆ ಅರೆಬೆಂದ ಅಥವಾ ಒಣಗಿಸಿದ ಮಾಂಸ ಕಾರಣ, 6ರಿಂದ 17 ಶೇಕಡಕ್ಕೆ ಮಣ್ಣು. ಬೆಕ್ಕು ಸಾಕಿದ್ದು ಕಾರಣವಾಗಿ ಕಾಣಲೇ ಇಲ್ಲ. 2011ರಲ್ಲಿ ಅಮೆರಿಕದಿಂದ ಬಂದದ್ದು ಇನ್ನೊಂದು. ಸೋಂಕಿನೊಂದಿಗೆ ಹುಟ್ಟಿದ ಮಕ್ಕಳ 76 ತಾಯಂದಿರ ರಕ್ತದಲ್ಲಿ, ಸೋಂಕು ಬಂದದ್ದು ತತ್ತಿಯಿಂದಲೋ ಮಾಂಸದ ಗಂಟಿನಿಂದಲೋ ಎಂದು ಗುರುತಿಸಬಲ್ಲ ಪ್ರತಿಕಾಯವನ್ನು ಹುಡುಕಿದಾಗ, 59 ಮಂದಿಗೆ ಅದು ತತ್ತಿಯಿಂದಲೇ ಬಂದಿತ್ತು. ಅವರಲ್ಲಿ ಅರ್ಧದಷ್ಟು ಜನಕ್ಕೆ ಬೆಕ್ಕಿನ ಮಲವನ್ನಾಗಲಿ, ಮಣ್ಣನ್ನಾಗಲಿ ಮುಟ್ಟಿದ ನೆನಪೇ ಇರಲಿಲ್ಲ. ತತ್ತಿ ದೋಷಿಯೇ. ಆದರೆ ಅದು ಬಂದ ದಾರಿ ಮನೆ ಬೆಕ್ಕಿನ ಟ್ರೇ ಆಗಿರಬೇಕಿಲ್ಲ. ನಮ್ಮಲ್ಲಿ ಮಾಂಸವನ್ನು ಕುಕ್ಕರಿನಲ್ಲಿ ಮೆತ್ತಗಾಗುವ ತನಕ ಬೇಯಿಸುವ ರೂಢಿ, ಒಳಭಾಗ 67 ಡಿಗ್ರಿ ಮುಟ್ಟಿದರೆ ಗಂಟುಗಳು ಸಾಯುತ್ತವೆ. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ನಾನು ಬೆಂದ ಸಾರಿಗಿಂತ ಹೆಚ್ಚು ಹೆದರುವುದು ಹಸಿ ಕೈಮಾ ಕಲಸುವ ಕೈಗೆ, ಉಪ್ಪು ಖಾರ ನೋಡಲು ನಾಲಿಗೆಗಿಡುವ ಅಭ್ಯಾಸಕ್ಕೆ, ಮಾಂಸ ಕೊಯ್ದ ಮಣೆಯ ಮೇಲೇ ಸೌತೆಕಾಯಿ ಹೆಚ್ಚುವುದಕ್ಕೆ. ಕೊತ್ತಂಬರಿ, ಹಸಿ ಸೊಪ್ಪುಗಳನ್ನು ಉಪ್ಪುನೀರಲ್ಲಿ ನೆನೆಸಿದರೆ ತತ್ತಿ ಸಾಯುವುದಿಲ್ಲ. ಹರಿಯುವ ನಲ್ಲಿ ನೀರಲ್ಲಿ ಎಲೆ ಎಲೆಯನ್ನೂ ಉಜ್ಜಿ ತೊಳೆದರೆ ಕಳಚಿ ಹೋಗುತ್ತದೆ.

ಇನ್ನು ಹುಡುಗಿಯ ರಿಪೋರ್ಟು. ಹೆಂಗಸರ ಚಿಕಿತ್ಸೆ ನನ್ನ ಕ್ಷೇತ್ರವಲ್ಲ, ಅದನ್ನು ಅವಳಿಗೂ ಹೇಳಿದೆ. ಆದರೆ ಅವಳ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಯಾವುದು ಎಂದು ಹೇಳಬಲ್ಲೆ. ಮಗುವಿಗೆ ಅಪಾಯವಿರುವುದು ತಾಯಿಗೆ ಜೀವನದಲ್ಲಿ ಮೊದಲ ಸಲ, ಅದೂ ಬಸಿರಿನ ಹೊತ್ತಿನಲ್ಲಿ ಅಥವಾ ಅದಕ್ಕೆ ಸ್ವಲ್ಪ ಮುಂಚೆ, ಸೋಂಕು ತಗಲಿದಾಗ. ಎಂದೋ ಬಂದು ಹೋಗಿದ್ದರೆ, ರೋಗನಿರೋಧಕ ಶಕ್ತಿ ಕುಂದಿದವರನ್ನು ಬಿಟ್ಟು, ಆ ಹಳೆಯ ಸೋಂಕೇ ಮಗುವಿಗೆ ಕಾವಲು. ಭಾರತದ ಹೆರಿಗೆ ವಯಸ್ಸಿನ ಹೆಂಗಸರಲ್ಲಿ ಸರಿಸುಮಾರು ಐವರಿಗೊಬ್ಬರ ರಕ್ತದಲ್ಲಿ ಈ ಹಳೆಯ ಗುರುತು ಇರುತ್ತದೆ, ದಕ್ಷಿಣದಲ್ಲಿ ಇನ್ನೂ ಹೆಚ್ಚು. ಐಜಿಜಿ ಪಾಸಿಟಿವ್ ಎಂದರೆ ಅಷ್ಟೇ: ಎಂದೋ ತಗಲಿತ್ತು.

ಐಜಿಎಂ ಪಾಸಿಟಿವ್ ಎಂದರೆ ಈಗ ತಗಲಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಟಾಕ್ಸೊಪ್ಲಾಸ್ಮಾದಲ್ಲಿ ಅದು ಹಾಗಲ್ಲ. ಐಜಿಎಂ ಒಂದು ವರ್ಷ, ಕೆಲವರಲ್ಲಿ ಹಲವು ವರ್ಷ ಉಳಿದುಬಿಡುತ್ತದೆ. ಕಿಟ್‌ಗಳು ಸುಳ್ಳು ಪಾಸಿಟಿವ್ ಕೊಡುವುದೂ ಉಂಟು. ಅಮೆರಿಕದ ಔಷಧ ಆಡಳಿತ 1997ರಲ್ಲೇ, ಬರೀ ಐಜಿಎಂ ಕಿಟ್ ನೆಚ್ಚಿ ಬಸುರಿಯರ ವಿಷಯದಲ್ಲಿ ತೀರ್ಮಾನ ಮಾಡಬೇಡಿ ಎಂದು ವೈದ್ಯರಿಗೆ ಎಚ್ಚರಿಕೆ ಕೊಟ್ಟಿತ್ತು. ಇಷ್ಟಾದರೂ ಒಂದೇ ಒಂದು ಟಾರ್ಚ್ ಕಾಗದ ಹಿಡಿದು ಗರ್ಭ ತೆಗೆಸುವ ಮಾತಾಡಿದ ಮನೆಗಳನ್ನು ನಾನು ಕಂಡಿದ್ದೇನೆ. ಹಳೆಯ ಐಜಿಜಿಯನ್ನು ತೋರಿಸಿ, ಮೇಲಿಂದ ಮೇಲೆ ಆದ ಗರ್ಭಪಾತಗಳಿಗೆ ಬೆಕ್ಕನ್ನು ಹೊಣೆ ಮಾಡಿದ್ದನ್ನೂ ಕಂಡಿದ್ದೇನೆ. ಇದು ನನಗೆ ಇಂದಿಗೂ ನೋವು ಕೊಡುವ ವಿಷಯ.

ಕೇಳಬೇಕಾದ ಪರೀಕ್ಷೆಯ ಹೆಸರು ಐಜಿಜಿ ಅವಿಡಿಟಿ. ಸೋಂಕು ಹೊಸದಾಗಿದ್ದಾಗ ಮೈ ತಯಾರಿಸುವ ಐಜಿಜಿ ಜೀವಿಯನ್ನು ಸಡಿಲವಾಗಿ ಹಿಡಿಯುತ್ತದೆ, ತಿಂಗಳು ಕಳೆದಂತೆ ಹಿಡಿತ ಬಿಗಿಯಾಗುತ್ತದೆ. ಹಿಡಿತ ಬಿಗಿಯಿದೆ ಎಂದು ಬಂದರೆ ಕಳೆದ ಮೂರು ನಾಲ್ಕು ತಿಂಗಳಲ್ಲಿ ಸೋಂಕು ತಗಲಿಲ್ಲ ಎಂದು ಹೇಳಬಹುದು. ಹನ್ನೊಂದನೇ ವಾರದಲ್ಲಿ ತೆಗೆದ ರಕ್ತದಲ್ಲಿ ಹಾಗೆ ಬಂದರೆ ಸೋಂಕು ಗರ್ಭ ನಿಲ್ಲುವುದಕ್ಕೂ ಹಿಂದಿನದು ಎಂದಾಯಿತು. ಇದನ್ನು ಮೊದಲ ಹದಿನಾರು ವಾರದೊಳಗೇ ಮಾಡಿಸಬೇಕು. ತಡವಾದಷ್ಟೂ ಈ ಲೆಕ್ಕ ಬಿಗಿ ಕಳೆದುಕೊಳ್ಳುತ್ತದೆ. ಹಿಡಿತ ಸಡಿಲ ಎಂದು ಬಂದರೆ ಹೊಸ ಸೋಂಕೇ ಎಂದು ಖಚಿತವಾಗದು, ಕೆಲವರಲ್ಲಿ ವರ್ಷವಾದರೂ ಸಡಿಲವಾಗಿಯೇ ಇರುತ್ತದೆ. ಆಗ ಎರಡು ಮೂರು ವಾರ ಬಿಟ್ಟು ಅದೇ ಪ್ರಯೋಗಾಲಯದಲ್ಲಿ ಮತ್ತೆ ರಕ್ತ ನೋಡಬೇಕು.

ಒಂದು ವೇಳೆ ಹೊಸ ಸೋಂಕೇ ಆಗಿದ್ದರೆ? ಆಗಲೂ ಎಲ್ಲ ಮುಗಿಯಿತು ಎಂದಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿ 603 ತಾಯಂದಿರನ್ನು ಹಿಂಬಾಲಿಸಿ 1999ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹದಿಮೂರನೇ ವಾರದಲ್ಲಿ ತಾಯಿಗೆ ಸೋಂಕು ತಗಲಿದರೆ ಮಗುವಿಗೆ ದಾಟುವುದು ನೂರಕ್ಕೆ ಆರರಲ್ಲಿ. ಇಪ್ಪತ್ತಾರನೇ ವಾರದಲ್ಲಿ ನಲವತ್ತು, ಮೂವತ್ತಾರರಲ್ಲಿ ಎಪ್ಪತ್ತೆರಡು. ಹಾನಿಯ ಲೆಕ್ಕ ಇದಕ್ಕೆ ತಿರುವುಮುರುವು. ಮೊದಲ ತಿಂಗಳುಗಳಲ್ಲಿ ದಾಟುವುದು ಅಪರೂಪ, ದಾಟಿದರೆ ಪೆಟ್ಟು ಜೋರು: ಮಿದುಳಿನಲ್ಲಿ ನೀರು ತುಂಬುವುದು, ಸುಣ್ಣಗಟ್ಟುವುದು, ಅಕ್ಷಿಪಟಲಕ್ಕೆ ಗಾಯ. ಕೊನೆಯ ತಿಂಗಳುಗಳಲ್ಲಿ ದಾಟಿದ ಮಗು ಹುಟ್ಟುವಾಗ ಹೆಚ್ಚಾಗಿ ಚೆನ್ನಾಗಿಯೇ ಕಾಣುತ್ತದೆ, ಕಣ್ಣಿನ ತೊಂದರೆ ವರ್ಷಗಳ ಮೇಲೆ ತಲೆದೋರಬಹುದು. ತಾಯಿಗೆ ಸ್ಪೈರಮೈಸಿನ್ ಮಾತ್ರೆ ಶುರು ಮಾಡಿ, ಹದಿನೆಂಟು ವಾರ ದಾಟಿದ ಮೇಲೆ ಗರ್ಭದ ನೀರನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿ, ಮಗುವಿಗೆ ದಾಟಿದ್ದರೆ ಬೇರೆ ಔಷಧ ಕೊಡುವ ಕ್ರಮ ಇದೆ.

ಇಷ್ಟು ಹೇಳುವಷ್ಟರಲ್ಲಿ ಪುಟ್ಟಿ ಬುಟ್ಟಿಯ ಕಂಡಿಯಿಂದ ಕೈ ಹೊರಗೆ ಹಾಕಿ ಹುಡುಗಿಯ ಸೆರಗು ಹಿಡಿದಿತ್ತು. ಅತ್ತೆ ಮತ್ತೊಮ್ಮೆ ಕೇಳಿದರು: "ಆದ್ರೂ ಒಂಬತ್ತು ತಿಂಗಳು ಎಲ್ಲಾದ್ರೂ ಬಿಟ್ಟಿರೋದು ವಾಸಿ ಅಲ್ವಾ?" ಮನೆಯೊಳಗೇ ಬೆಳೆದ ಬೆಕ್ಕನ್ನು ಮಾರುಕಟ್ಟೆಯ ಹತ್ತಿರ ಬಿಟ್ಟರೆ ಹಸಿವಿಗೆ ಅದು ಇಲಿ ಹಿಡಿಯುತ್ತದೆ. ಅದಕ್ಕೆ ಮೊದಲು ಸೋಂಕು ತಗಲಿರದಿದ್ದರೆ, ಇಷ್ಟು ವರ್ಷ ಹಾಕದ ತತ್ತಿಯನ್ನು ಅದು ಹಾಕತೊಡಗುವುದು ಆಗಲೇ, ಇನ್ನೊಂದು ಮನೆಯ ಬಸುರಿ ಸೊಪ್ಪು ಬೆಳೆದ ಹಿತ್ತಲಲ್ಲಿ. ಇದನ್ನು ಕೇಳಿ ಅವರು ಸುಮ್ಮನಾದರು. ನಾನು ಬೇಡವೆಂದದ್ದು ಒಂದೇ: ಈ ಒಂಬತ್ತು ತಿಂಗಳು ಬೀದಿಯಿಂದ ಹೊಸ ಮರಿ ತರುವುದು. ಬೇಟೆ ಕಲಿಯುತ್ತಿರುವ ಮರಿಯ ವಿಷಯದಲ್ಲಿ ದಿನಗಳ ಲೆಕ್ಕ ನಮ್ಮ ಪರವಾಗಿರುವುದಿಲ್ಲ. ಪುಟ್ಟಿಗೆ ಹಸಿ ಲಿವರ್, ಕೋಳಿಯ ಹಸಿ ತುಂಡು ಹಾಕುವುದೂ ಬೇಡ.

ಟ್ರೇ ಗಂಡನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಬಳಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ. ವಾರಕ್ಕೊಮ್ಮೆ ಟ್ರೇಗೆ ಕುದಿಯುವ ನೀರು ಸುರಿದು ಐದು ನಿಮಿಷ ಬಿಟ್ಟು ಚೆಲ್ಲುವುದು. ಆಮೇಲೆ ಮನೆಯಲ್ಲಿ ಮಣ್ಣಿನ ಕೆಲಸ ಏನಿದೆ ಎಂದು ಕೇಳಿದೆ. ತಾರಸಿಯ ಮೇಲೆ ಹದಿನಾಲ್ಕು ಕುಂಡವಿದೆ, ಮೆಂತ್ಯ, ಪುದೀನ, ಕೊತ್ತಂಬರಿ ಎಂದರು ಅತ್ತೆ. ಮಣ್ಣು ಕೆದಕಿ ಕಳೆ ತೆಗೆಯುವುದು ಸೊಸೆ. ಕೈಗವಸು ಇಲ್ಲ. ಪಕ್ಕದ ಮನೆಯ ಮಾಡಿನಿಂದ ಬೀದಿ ಬೆಕ್ಕುಗಳು ರಾತ್ರಿ ಬಂದು ಆ ಕುಂಡಗಳಲ್ಲೇ ಕೆರೆದು ಹೋಗುತ್ತವೆ, ಬೆಳಿಗ್ಗೆ ಮಣ್ಣು ಚೆಲ್ಲಾಡಿರುತ್ತದೆ ಎಂದು ಅವರಾಗಿಯೇ ಹೇಳಿ, ಹೇಳುತ್ತಿದ್ದಂತೆ ನಿಲ್ಲಿಸಿ ಸೊಸೆಯ ಕೈ ನೋಡಿದರು.

ಎರಡು ವಾರದ ಮೇಲೆ ಗಂಡ ಫೋನ್ ಮಾಡಿದ. ಅವಿಡಿಟಿ ಬಿಗಿ ಎಂದು ಬಂದಿತ್ತು. ಅವರ ವೈದ್ಯರು ಸೋಂಕು ಹಳೆಯದು, ಔಷಧ ಬೇಡ ಎಂದರಂತೆ. ಪುಟ್ಟಿ ಮನೆಯಲ್ಲೇ ಇದೆ. ಆದರೂ ತಾರಸಿಯ ಹದಿನಾಲ್ಕು ಕುಂಡಗಳಿಗೂ ಅತ್ತೆ ಕೋಳಿ ಗೂಡಿನ ತಂತಿ ಜಾಲರಿ ತರಿಸಿ, ಗಿಡದಷ್ಟಕ್ಕೆ ಮಾತ್ರ ಕಂಡಿ ಬಿಟ್ಟು, ತಾವೇ ಕೂತು ಕಟ್ಟಿದ್ದಾರೆ.